ನಾಲ್ಕು ದೇಶದ ಶಾಲಾ ರಜೆ, ಒಂದೇ ಮನೆ: ಎಲ್ಲರೂ ಸೇರುವ ತಾರೀಕು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಅಡಿಕೆ ತೋಟದ ಮನೆ. ಅಪ್ಪಯ್ಯ, ಅಮ್ಮ, ದೊಡ್ಡಣ್ಣ ಅಲ್ಲೇ ಇದ್ದಾರೆ. ಸಣ್ಣಣ್ಣ ಅಮೆರಿಕದ ನ್ಯೂಜೆರ್ಸಿಯಲ್ಲಿ, ಅಕ್ಕ ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ತಮ್ಮ ಮೆಲ್ಬರ್ನ್‌ನಲ್ಲಿ, ನಾನು ಬೆಂಗಳೂರಿನಲ್ಲಿ. ಎಲ್ಲರ ಮನೆಯಲ್ಲೂ ಶಾಲೆಗೆ ಹೋಗೋ ಮಕ್ಕಳು. 2026 ಮುಗಿಯೋದರೊಳಗೆ ಅಪ್ಪಯ್ಯನ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿ ಕೆಲವು ದಿನ ಎಲ್ಲರೂ ಒಟ್ಟಿಗಿರಬೇಕು ಅಂತ ಆಸೆ. ತಮ್ಮನ ಮಗನ ಉಪನಯನವೂ ಅದರಲ್ಲೇ ಆಗಲಿ ಅಂತ ಅಮ್ಮ ಹೇಳ್ತಾರೆ. ಜುಲೈ ಅಂದ್ರೆ ಅಕ್ಕನಿಗೆ ಆಗಲ್ಲ, ಏಪ್ರಿಲ್ ಅಂದ್ರೆ ಸಣ್ಣಣ್ಣನಿಗೆ ಆಗಲ್ಲ. ವಾಟ್ಸಾಪ್ ಗ್ರೂಪಲ್ಲಿ ಚರ್ಚೆ ಮುಗೀತಾನೇ ಇಲ್ಲ. ತಾರೀಕು ಹೇಗೆ ಆರಿಸೋದು?

ಉತ್ತರ:

ನಿಮ್ಮ ಗ್ರೂಪಿನಲ್ಲಿ ಎಲ್ಲರೂ ತಿಂಗಳ ಹೆಸರು ಹೇಳುತ್ತಿದ್ದಾರೆ. ತಿಂಗಳಿನಿಂದ ಶುರು ಮಾಡಿದರೆ ಇದು ಯಾವತ್ತೂ ಮುಗಿಯುವುದಿಲ್ಲ. ಜುಲೈ ಅಂದಾಗ ಸಣ್ಣಣ್ಣನ ಕಣ್ಣೆದುರು ಎರಡು ತಿಂಗಳ ಬೇಸಿಗೆ ರಜೆ ಇರುತ್ತದೆ, ಅಕ್ಕನ ಕಣ್ಣೆದುರು ಶಾಲೆಯ ಕೊನೆಯ ಮೂರು ವಾರ ಇರುತ್ತದೆ. ತಿಂಗಳು ಬಿಡಿ, ದಿನಕ್ಕೆ ಬನ್ನಿ. ಎಲ್ಲರ ರಜೆಯೂ ಒಂದೇ ಆಗಬೇಕಿಲ್ಲ. ಎಲ್ಲರೂ ಸಾಗರದ ಮನೆಯಲ್ಲಿ ಇರುವ ನಾಲ್ಕೈದು ದಿನ ಸಿಕ್ಕರೆ ಸಾಕು. ಒಬ್ಬರು ಆರು ವಾರಕ್ಕೆ ಬರಲಿ, ಇನ್ನೊಬ್ಬರು ಒಂಬತ್ತು ದಿನಕ್ಕೆ ಬರಲಿ, ಆ ನಾಲ್ಕೈದು ದಿನ ಎಲ್ಲರದ್ದರ ಒಳಗೂ ಬೀಳಬೇಕು, ಅಷ್ಟೆ.

ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ಎಲ್ಲಕ್ಕಿಂತ ಬಿಗಿಯಾದ ಕ್ಯಾಲೆಂಡರಿನಿಂದ. ನಿಮ್ಮ ಕುಟುಂಬದಲ್ಲಿ ಅದು ನ್ಯೂಜೆರ್ಸಿಯದು. ಉತ್ತರ ನಾನು ಈಗಲೇ ಹೇಳಿಬಿಡುತ್ತೇನೆ: 2026ರ ಡಿಸೆಂಬರ್ 26ರಿಂದ 31, ಕಾರ್ಯಕ್ರಮ 28ರ ಸೋಮವಾರ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮವರ ಶಾಲೆಯ ತಾರೀಕು ಒಂದೆರಡು ದಿನ ಆಚೀಚೆ ಇದ್ದರೆ ನೀವೇ ಸರಿಮಾಡಿಕೊಳ್ಳಬಹುದು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಶಾಲಾ ಕ್ಯಾಲೆಂಡರ್ ಇಲ್ಲ. ಊರೂರಿನ ಸ್ಕೂಲ್ ಡಿಸ್ಟ್ರಿಕ್ಟ್ ತನ್ನದೇ ಕ್ಯಾಲೆಂಡರ್ ಮಾಡುತ್ತದೆ. ಟೆಕ್ಸಸ್‌ನಂಥ ದಕ್ಷಿಣದ ರಾಜ್ಯಗಳಲ್ಲಿ ಮೇ ಕೊನೆಗೆ ಶಾಲೆ ಮುಗಿದು ಆಗಸ್ಟ್ ಮಧ್ಯಕ್ಕೆ ಮತ್ತೆ ಶುರುವಾಗುತ್ತದೆ. ನ್ಯೂಜೆರ್ಸಿಯಲ್ಲಿ ಜೂನ್ ಮೂರನೇ ವಾರದ ತನಕ ಎಳೆದು, ಸೆಪ್ಟೆಂಬರ್ ಮೊದಲ ವಾರ ಶುರು ಮಾಡುತ್ತಾರೆ. ಅದರಲ್ಲೂ ಜೂನಿನ ಕೊನೆಯ ದಿನ ಗಟ್ಟಿ ಅಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಶಾಲೆ ಮುಚ್ಚಿದರೆ ಆ ದಿನಗಳನ್ನು ತುಂಬಿಕೊಡಬೇಕು. ಎಷ್ಟೋ ಡಿಸ್ಟ್ರಿಕ್ಟ್‌ಗಳು ಅದನ್ನು ಜೂನಿಗೆ ಸೇರಿಸುತ್ತವೆ, ಇಲ್ಲವೇ ವಸಂತದ ರಜೆಯಿಂದ ಕತ್ತರಿಸುತ್ತವೆ. ಕ್ಯಾಲೆಂಡರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಬರೆದಿರುತ್ತಾರೆ, ಸಣ್ಣಣ್ಣನಿಗೆ ಓದಲು ಹೇಳಿ. ಡಿಸೆಂಬರಿನ ರಜೆಗೆ ಈ ಕಾಟ ಇಲ್ಲ. ಹಿಮದ ಲೆಕ್ಕ ಶುರುವಾಗುವ ಹೊತ್ತಿಗೆ ಅದು ಮುಗಿದೇ ಹೋಗಿರುತ್ತದೆ. ಚಿಕ್ಕದಾದರೂ ನಂಬಬಹುದಾದ ರಜೆ ಅದೊಂದೇ.

ಈಗ ದಿನ ಎಣಿಸೋಣ. 2026ರ ಕ್ರಿಸ್‌ಮಸ್ ಶುಕ್ರವಾರ ಬರುತ್ತದೆ. ಸಣ್ಣಣ್ಣನ ಮಕ್ಕಳಿಗೆ 23ರ ಬುಧವಾರ ಕೊನೆಯ ದಿನ, ಜನವರಿ 4ರ ಸೋಮವಾರ ಶಾಲೆ ಶುರು ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಇದು ಹನ್ನೊಂದು ದಿನದ ರಜೆ. ಆದರೆ ಪಶ್ಚಿಮದಿಂದ ಇಲ್ಲಿಗೆ ಬರುವಾಗ ದಿನ ಕಳೆದುಹೋಗುತ್ತದೆ. 23ರ ರಾತ್ರಿ 9ಕ್ಕೆ ಹೊರಟರೆ, ಒಂದು ಕಡೆ ವಿಮಾನ ಬದಲಿಸಿ 21 ಗಂಟೆ ಹಿಡಿಯಿತು ಅಂದುಕೊಂಡರೆ, ಅಲ್ಲಿಯ ಗಡಿಯಾರದಲ್ಲಿ 24ರ ಸಂಜೆ 6. ಚಳಿಗಾಲದಲ್ಲಿ ನಾವು ಅವರಿಗಿಂತ ಹತ್ತೂವರೆ ಗಂಟೆ ಮುಂದೆ. ಅಂದರೆ ಬೆಂಗಳೂರಲ್ಲಿ ಇಳಿಯುವುದು 25ರ ಬೆಳಗಿನ ಜಾವ ನಾಲ್ಕೂವರೆಗೆ. ಅಲ್ಲಿಂದ ಸಾಗರಕ್ಕೆ ಕಾರಿನಲ್ಲಿ ಏಳೆಂಟು ಗಂಟೆ. 25ರ ಸಂಜೆ ಹೊತ್ತಿಗೆ ಮನೆ.

ವಾಪಸ್ ಹೋಗುವಾಗ ಆ ಕಳೆದ ಸಮಯ ತಿರುಗಿ ಸಿಗುತ್ತದೆ. ಜನವರಿ 2ರ ಶನಿವಾರ ನಸುಕಿನ 4 ಗಂಟೆಗೆ ಬೆಂಗಳೂರು ಬಿಟ್ಟರೆ, 22 ಗಂಟೆ ಪ್ರಯಾಣ ಮಾಡಿದರೂ ಅವರು ಅದೇ ಶನಿವಾರ ಮಧ್ಯಾಹ್ನ ಮೂರೂವರೆಗೆ ಅಲ್ಲಿ ಇಳಿಯುತ್ತಾರೆ. ಭಾನುವಾರ ನಿದ್ದೆ, ಸೋಮವಾರ ಶಾಲೆ. ಇದಕ್ಕೆ ಸಾಗರದ ಮನೆಯನ್ನು ಜನವರಿ 1ರ ಬೆಳಿಗ್ಗೆ ಬಿಡಬೇಕು. ಹನ್ನೊಂದು ದಿನದ ರಜೆ ಮನೆಯಲ್ಲಿ ಆರು ಪೂರ್ತಿ ದಿನ ಆಯಿತು: 26ರಿಂದ 31. ನಿಮ್ಮ ಇಡೀ ಯೋಜನೆ ಈ ಆರು ದಿನದ ಒಳಗೆ ಕೂರಬೇಕು. ಬೇರೆಯವರನ್ನು ಕೇಳುವ ಮೊದಲು ಈ ಆರು ದಿನ ಗೊತ್ತಿರಬೇಕು.

ಇನ್ನು ಅಕ್ಕ. ಇಂಗ್ಲೆಂಡಿನ ಹೆಚ್ಚಿನ ಸರ್ಕಾರಿ ಶಾಲೆಗಳು ಕ್ರಿಸ್‌ಮಸ್‌ಗೆ ಎರಡು ವಾರ ಮುಚ್ಚುತ್ತವೆ. ಈ ಸಲ ಅದು 18ರ ಶುಕ್ರವಾರ ಮುಗಿದು ಜನವರಿ 4ರ ಹೊತ್ತಿಗೆ ತೆರೆಯುವ ಲೆಕ್ಕ. ಕೌನ್ಸಿಲ್‌ನ ಕ್ಯಾಲೆಂಡರ್ ಒಂದು, ಶಾಲೆಯದು ಇನ್ನೊಂದು ಇರಬಹುದು. ಅಲ್ಲಿ ಶಿಕ್ಷಕರ ತರಬೇತಿಗೆ ವರ್ಷಕ್ಕೆ ಐದು ದಿನ ಇರುತ್ತದೆ, ಇನ್‌ಸೆಟ್ ಡೇ ಅನ್ನುತ್ತಾರೆ. ಅವತ್ತು ಮಕ್ಕಳಿಗೆ ರಜೆ. ಎಷ್ಟೋ ಶಾಲೆಗಳು ಇದರಲ್ಲಿ ಒಂದನ್ನು ಜನವರಿಯ ಮೊದಲ ದಿನಕ್ಕೇ ಇಟ್ಟುಕೊಳ್ಳುತ್ತವೆ. ಅಕ್ಕನ ಶಾಲೆಯಲ್ಲೂ ಹಾಗಿದ್ದರೆ ಅವರಿಗೆ ಒಂದು ದಿನ ಉಚಿತವಾಗಿ ಸಿಕ್ಕಂತೆ.

ಅಕ್ಕ ಯಾಕೆ ಅಷ್ಟು ಗಟ್ಟಿಯಾಗಿ ಆಗಲ್ಲ ಅನ್ನುತ್ತಿದ್ದಾರೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಮದುವೆಗೆ ಮಕ್ಕಳನ್ನು ನಾಲ್ಕು ದಿನ ಶಾಲೆ ತಪ್ಪಿಸಿದರೆ ಒಂದು ಚೀಟಿ ಬರೆದುಕೊಟ್ಟರೆ ಮುಗಿಯಿತು. ಇಂಗ್ಲೆಂಡಿನಲ್ಲಿ ಹಾಗಲ್ಲ. ಹೆಡ್‌ಟೀಚರ್ ತೀರಾ ಅಪರೂಪದ ಕಾರಣಕ್ಕೆ ಮಾತ್ರ ರಜೆ ಕೊಡಬಹುದು. ಅನುಮತಿ ಇಲ್ಲದೆ ಹತ್ತು ಶಾಲಾ ವಾರಗಳಲ್ಲಿ ಐದು ದಿನದಷ್ಟು ತಪ್ಪಿಸಿದರೆ ದಂಡ ಹಾಕುವ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ಇದು 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಆಮೇಲೆ ಕಟ್ಟಿದರೆ 160. ಈ ದಂಡ ಪ್ರತಿ ಮಗುವಿಗೆ, ಪ್ರತಿ ಪಾಲಕರಿಗೆ ಬೇರೆ ಬೇರೆ. ಇಬ್ಬರು ಮಕ್ಕಳಿದ್ದರೆ ಅಪ್ಪ ಅಮ್ಮ ಸೇರಿ ಬೇಗ ಕಟ್ಟಿದರೂ 320 ಪೌಂಡ್. ಮೂರು ವರ್ಷದೊಳಗೆ ಎರಡನೇ ಸಲ ಆದರೆ ನೇರ 160, ಮೂರನೇ ಸಲಕ್ಕೆ ಕೋರ್ಟಿನ ತನಕ ಹೋಗಬಹುದು. ಎರಡು ವಾರ ಮಕ್ಕಳನ್ನು ಬಿಡಿಸಿಕೊಂಡು ಬಾ ಅಂತ ಅಕ್ಕನಿಗೆ ಒತ್ತಾಯ ಮಾಡುವವರು ಇದನ್ನು ತಿಳಿದಿರಬೇಕು.

ಡಿಸೆಂಬರಿನಲ್ಲಿ ಅಕ್ಕನಿಗೆ ತೊಂದರೆ ಇಲ್ಲ. 19 ಅಥವಾ 20ಕ್ಕೆ ಹೊರಟು 21ರ ಹೊತ್ತಿಗೆ ಸಾಗರದಲ್ಲಿ ಇರುತ್ತಾರೆ. ಸಣ್ಣಣ್ಣ ಬರುವ ಮೊದಲು ಅಪ್ಪಯ್ಯ, ಅಮ್ಮನ ಜೊತೆ ನಾಲ್ಕು ದಿನ ಸಿಗುತ್ತದೆ. ಲಂಡನ್ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸುಮಾರು ಹತ್ತು ಗಂಟೆ. ವಾಪಸ್ ಅವರೂ ಜನವರಿ 2ಕ್ಕೆ ಹೊರಟರೆ ಸರಿ. ಸಣ್ಣಣ್ಣನ ಜೊತೆ ಒಂದೇ ಗಾಡಿಯಲ್ಲಿ ಬೆಂಗಳೂರಿಗೆ ಹೋಗಬಹುದು.

ಮೆಲ್ಬರ್ನ್‌ನ ತಮ್ಮನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ, ಶಾಲಾ ವರ್ಷವೇ ಮುಗಿಯುವ ಹೊತ್ತು. ವಿಕ್ಟೋರಿಯಾ ರಾಜ್ಯದ ಸರ್ಕಾರಿ ಶಾಲೆಗಳಿಗೆ 2026ರಲ್ಲಿ ಡಿಸೆಂಬರ್ 18 ಕೊನೆಯ ದಿನ, ಮತ್ತೆ ತೆರೆಯುವುದು ಜನವರಿ ಕೊನೆಗೆ. ಅವರ ಕೈಯಲ್ಲಿ ಐದು ವಾರಕ್ಕೂ ಜಾಸ್ತಿ ಇದೆ. ಹೆಚ್ಚು ಸಮಯ ಇರುವವರೇ ಬೇರೆಯವರಿಗೆ ಹೊಂದಿಕೊಳ್ಳಬೇಕು. ತಮ್ಮನ ಟಿಕೆಟ್ ಕೊನೆಗೆ ನಿಗದಿಯಾದರೂ ನಡೆಯುತ್ತದೆ. ಸಂಕ್ರಾಂತಿ ಆದಮೇಲೂ ಅವರು ಇರಬಹುದು ಅನ್ನುವುದು ಉಪನಯನದ ವಿಷಯಕ್ಕೆ ಉಪಯೋಗಕ್ಕೆ ಬರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಹೊರದೇಶದವರ ಲೆಕ್ಕ ಮುಗಿಯಿತು. ತಾರೀಕು ಕೆಡುವುದು ಹೆಚ್ಚಾಗಿ ಇಲ್ಲಿಯವರಿಂದ. ಅವರು ಇಲ್ಲೇ ಇದ್ದಾರಲ್ಲ, ಯಾವಾಗ ಆದರೂ ಆಗುತ್ತದೆ ಅಂತ ಯಾರೂ ಅವರನ್ನು ಕೇಳುವುದೇ ಇಲ್ಲ.

ಮೊದಲು ನಿಮ್ಮ ಮಕ್ಕಳು. ಬೆಂಗಳೂರಿನ ಬಹಳಷ್ಟು ಸಿಬಿಎಸ್‌ಇ ಶಾಲೆಗಳು ಕ್ರಿಸ್‌ಮಸ್‌ಗೆ ಒಂದು ವಾರದಷ್ಟು ರಜೆ ಕೊಡುತ್ತವೆ. ರಾಜ್ಯ ಪಠ್ಯಕ್ರಮದ ಎಷ್ಟೋ ಶಾಲೆಗಳಲ್ಲಿ 25 ಒಂದೇ ದಿನ ರಜೆ. ಚಿಕ್ಕ ತರಗತಿಯವರು ನಾಲ್ಕೈದು ದಿನ ತಪ್ಪಿಸಿದರೆ ಏನೂ ಆಗದು. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಮಗು ಇದ್ದರೆ ಮಾತ್ರ ಜಾಗ್ರತೆ. ಸಿಬಿಎಸ್‌ಇಯ ಪ್ರಾಯೋಗಿಕ ಪರೀಕ್ಷೆಗಳು ಸಾಮಾನ್ಯವಾಗಿ ಜನವರಿ 1ರಿಂದಲೇ ಶುರುವಾಗುತ್ತವೆ. ಪ್ರಿ-ಬೋರ್ಡ್ ಪರೀಕ್ಷೆಗಳು ಡಿಸೆಂಬರ್, ಜನವರಿಯಲ್ಲೇ ಬರುತ್ತವೆ. ದಿನಾಂಕ ಶಾಲೆಗೆ ಬಿಟ್ಟದ್ದು, ಮೊದಲೇ ಹೋಗಿ ಕೇಳಿ. ಹೊರಗಿನವರಲ್ಲೂ ಇಂಥ ಮಕ್ಕಳು ಇರಬಹುದು. ಸಣ್ಣಣ್ಣನ ಮಗ ಹನ್ನೆರಡನೇ ಗ್ರೇಡಿನಲ್ಲಿದ್ದರೆ, ಅಲ್ಲಿಯ ಎಷ್ಟೋ ಕಾಲೇಜುಗಳ ಅರ್ಜಿಗೆ ಜನವರಿ 1ರ ಸುಮಾರಿಗೇ ಕೊನೆಯ ದಿನ. ಅವನು ತೋಟದ ಮನೆಯ ಜಗುಲಿಯಲ್ಲಿ ಸಿಗ್ನಲ್ ಹುಡುಕುತ್ತಾ ಪ್ರಬಂಧ ಬರೆಯಬೇಕಾಗುತ್ತದೆ. ಅರ್ಜಿಯನ್ನು 20ರೊಳಗೆ ಮುಗಿಸಿ ಬರಲು ಹೇಳಿ.

ಆಮೇಲೆ ದೊಡ್ಡಣ್ಣ. ನಿಮ್ಮ ಪ್ರಶ್ನೆಯಲ್ಲಿ ಅವರಿಗೆ ಯಾವಾಗ ಆಗುತ್ತದೆ ಅನ್ನುವ ಮಾತೇ ಇಲ್ಲ. ಸಾಗರದ ಕಡೆ ಡಿಸೆಂಬರ್ ಅಂದರೆ ಅಡಿಕೆ ಕೊನೆಕೊಯ್ಲಿನ ನಡು ಹಂಗಾಮು. ನವೆಂಬರಿನಿಂದ ಫೆಬ್ರವರಿ ತನಕ ಸುತ್ತು ಸುತ್ತಾಗಿ ಕೊಯ್ಲು ನಡೆಯುತ್ತದೆ. ಹಸಿ ಅಡಿಕೆಯನ್ನು ಕೊಯ್ದು ಹಾಗೇ ಬಿಡುವಂತಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ಒಣಹಾಕಬೇಕು. ಅಂಗಳ ತುಂಬ ಅಡಿಕೆ, ಜಗುಲಿ ತುಂಬ ಸುಲಿಯುವವರು, ಅಡುಗೆಮನೆಯಲ್ಲಿ ಆಳುಗಳ ಊಟ ತಿಂಡಿ. ಅದರ ಮಧ್ಯೆ ಮೂವತ್ತು ಜನ ಸೂಟ್‌ಕೇಸ್ ಹಿಡಿದು ಇಳಿದರೆ ದೊಡ್ಡತ್ತಿಗೆಯ ಗತಿ ಏನು ಹೇಳಿ? ಅವರಿಗೆ ಅದು ರಜೆಯೂ ಅಲ್ಲ, ಸಂಭ್ರಮವೂ ಅಲ್ಲ.

ಹಾಗಂತ ಡಿಸೆಂಬರನ್ನೇ ಬಿಡಬೇಕಾಗಿಲ್ಲ. ಕೊಯ್ಲಿನ ಸುತ್ತು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ನ್ಯೂಜೆರ್ಸಿಯ ಶಾಲೆ ಆಗುವುದಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಹತ್ತಿರ ದಸರಾ ಹೊತ್ತಿಗೇ ಮಾತಾಡಿ. ಒಂದು ಸುತ್ತು ಡಿಸೆಂಬರ್ 18ರೊಳಗೆ ಇಳಿಸಿ, ಮುಂದಿನದು ಜನವರಿ 4ರ ನಂತರ ಅಂತ ಗಟ್ಟಿ ಮಾಡಿಕೊಳ್ಳಲು ದೊಡ್ಡಣ್ಣನಿಗೆ ಹೇಳಿ. 18ಕ್ಕೆ ಕೊಯ್ದದ್ದು 24ರ ಹೊತ್ತಿಗೆ ಬೆಂದು ಒಣಗಲು ಹೋಗಿರುತ್ತದೆ. ಅಂಗಳ ಪೂರ್ತಿ ಖಾಲಿ ಆಗದಿದ್ದರೂ ಸುಲಿಯುವ ಗಲಾಟೆ ಇರುವುದಿಲ್ಲ. ಕೊನೆಗೌಡರು ಸಿಗುವುದೇ ಕಷ್ಟ ಇರುವ ಕಾಲ ಇದು. ಈ ಮಾತನ್ನು ನವೆಂಬರಿನಲ್ಲಿ ಆಡಿದರೆ ತಡವಾಯಿತು.

ಇನ್ನು ಪಂಚಾಂಗ. ಡಿಸೆಂಬರ್ 16ರ ಸುಮಾರಿಗೆ ಶುರುವಾಗುವ ಧನುರ್ಮಾಸ ಸಂಕ್ರಾಂತಿ ತನಕ ಇರುತ್ತದೆ. ಈ ಅವಧಿಯಲ್ಲಿ ಮದುವೆ, ಉಪನಯನ, ಗೃಹಪ್ರವೇಶಕ್ಕೆ ಮುಹೂರ್ತ ಇಡುವುದಿಲ್ಲ. ಹಾಗಾಗಿ ಅಮ್ಮನ ಆಸೆಯಂತೆ ಉಪನಯನವನ್ನು ಇದೇ ವಾರದಲ್ಲಿ ಸೇರಿಸಲು ಆಗುವುದಿಲ್ಲ. ಇದನ್ನು ಅಮ್ಮನಿಗೆ ಪುರೋಹಿತರ ಬಾಯಿಂದಲೇ ಹೇಳಿಸಿ, ನೀವು ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ತಮ್ಮ ಜನವರಿ ಕೊನೆಯ ತನಕ ಇರುತ್ತಾರಲ್ಲ, ಸಂಕ್ರಾಂತಿ ಕಳೆದ ಮೇಲೆ ಉತ್ತರಾಯಣದಲ್ಲಿ ಮುಹೂರ್ತ ಸಿಕ್ಕರೆ ಚಿಕ್ಕದಾಗಿ ಮಾಡಬಹುದು. ಆಗ ಸಣ್ಣಣ್ಣ, ಅಕ್ಕ ಇರುವುದಿಲ್ಲ. ಎಲ್ಲರೂ ಇರಲೇಬೇಕು ಅಂದರೆ ಉಪನಯನವನ್ನು ಬೇರೆ ವರ್ಷಕ್ಕೆ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಗಂಟಿಗೆ ಕಟ್ಟಲು ಹೋಗಿ ಎರಡೂ ಮುಂದೆ ಹೋದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಹಸ್ರ ಚಂದ್ರ ದರ್ಶನದ ಲೆಕ್ಕ ಬೇರೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ಅಂದರೆ 80 ವರ್ಷ 10 ತಿಂಗಳಷ್ಟಾಗುತ್ತದೆ. ಅಧಿಕ ಮಾಸ ಎಣಿಸುವ ಪದ್ಧತಿಯ ಮೇಲೆ ಒಬ್ಬೊಬ್ಬ ಪುರೋಹಿತರು ಸ್ವಲ್ಪ ಹಿಂದೆ ಮುಂದೆ ಹೇಳುತ್ತಾರೆ, ಜನ್ಮ ನಕ್ಷತ್ರವನ್ನೂ ನೋಡುತ್ತಾರೆ. ಧನುರ್ಮಾಸದಲ್ಲಿ ಈ ಶಾಂತಿ ಮಾಡಬಹುದೇ ಅನ್ನುವುದನ್ನು ನಿಮ್ಮ ಮನೆಯ ಪುರೋಹಿತರೇ ಹೇಳಬೇಕು. ಅವರು ಹೂಂ ಅಂದರೆ 28ಕ್ಕೇ ಇಟ್ಟುಕೊಳ್ಳಿ. ಬೇಡ ಅಂದರೆ, ಶಾಂತಿಯನ್ನು ಅವರು ಹೇಳಿದ ದಿನ ಇಲ್ಲಿರುವವರು ಸೇರಿ ಮಾಡಿ. 28ಕ್ಕೆ ದೇವರ ಪೂಜೆ, ಅಪ್ಪಯ್ಯ ಅಮ್ಮನಿಗೆ ಎಲ್ಲ ಮಕ್ಕಳು ಮೊಮ್ಮಕ್ಕಳಿಂದ ನಮಸ್ಕಾರ, ಊಟ. ಪುರೋಹಿತರನ್ನು ಕೇಳುವಾಗ ಒಂದು ಜಾಣತನ ಬೇಕು. ‘ಡಿಸೆಂಬರಿನಲ್ಲಿ ಯಾವ ದಿನ ಒಳ್ಳೆಯದು?’ ಅಂತ ಕೇಳಬೇಡಿ, ಅವರು 9 ಅಂತ ಹೇಳಿಬಿಟ್ಟರೆ ಕಷ್ಟ. ‘26ರಿಂದ 31ರೊಳಗೆ ಯಾವುದು ಆದೀತು?’ ಅಂತ ಕೇಳಿ. ಮಾರ್ಗಶಿರ ಹುಣ್ಣಿಮೆ ಈ ಸಲ 24ರ ಹೊತ್ತಿಗೇ ಮುಗಿಯುತ್ತದೆ, ಮುಂದಿನ ಏಕಾದಶಿ ಜನವರಿ 3ರ ಸುಮಾರಿಗೆ. ಮಧ್ಯದ ದಿನಗಳಲ್ಲಿ ಹಿರಿಯರ ಉಪವಾಸ ಊಟಕ್ಕೆ ಅಡ್ಡ ಬರುವುದಿಲ್ಲ.

ಧನುರ್ಮಾಸದಿಂದ ಒಂದು ಲಾಭವೂ ಇದೆ. ಮದುವೆ ಇಲ್ಲ ಅಂದಮೇಲೆ ಸಾಗರ, ಹೊಸನಗರ ಕಡೆಯ ಕಲ್ಯಾಣ ಮಂಟಪಗಳು ಖಾಲಿ. ಅಡುಗೆ ಭಟ್ಟರು ಬಿಡುವಾಗಿ ಸಿಗುತ್ತಾರೆ. ಮೇ ತಿಂಗಳಲ್ಲಿ ಆರು ತಿಂಗಳ ಮುಂಚೆ ಹೇಳಬೇಕಾದ ಭಟ್ಟರಿಗೆ ಈಗ ಒಂದು ತಿಂಗಳ ಮುಂಚೆ ಹೇಳಿದರೂ ಬರುತ್ತಾರೆ. ಆದರೆ ಹೋಮ್‌ಸ್ಟೇ, ರೆಸಾರ್ಟ್ ವಿಷಯ ಇದಕ್ಕೆ ಉಲ್ಟಾ. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಜೋಗದ ಕಡೆ ಇಡೀ ಬೆಂಗಳೂರೇ ಬಂದಿರುತ್ತದೆ. ಮನೆಯಲ್ಲಿ ಜಾಗ ಸಾಲದು ಅನಿಸಿದರೆ ಹೋಮ್‌ಸ್ಟೇ ಹುಡುಕುವ ಬದಲು ಮಂಟಪದ ಕೋಣೆಗಳನ್ನೇ ಕೇಳಿ. ತಾಳಗುಪ್ಪದ ರೈಲಿಗೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, 24ರ ರಾತ್ರಿಯ ರೈಲಿಗೆ ಬರುವವರು ಅಕ್ಟೋಬರ್ ಕೊನೆಯಲ್ಲೇ ಕಾದು ಕೂತಿರಬೇಕು.

ಆರು ದಿನದಲ್ಲಿ 28 ಯಾಕೆ ಅಂದರೆ, ವಿಮಾನದ ಕಾರಣಕ್ಕೆ. ಇಲ್ಲಿಯ ನೆಂಟರಿಗೆ 27ರ ಭಾನುವಾರ ಅನುಕೂಲ, ನಿಜ. ಆದರೆ ಕ್ರಿಸ್‌ಮಸ್ ಸುತ್ತಮುತ್ತ ಅಮೆರಿಕದ ಪೂರ್ವ ತೀರದಲ್ಲಿ ಹಿಮದ ಬಿರುಗಾಳಿ ಬಂದರೆ ಒಂದು ದಿನ, ಕೆಲವೊಮ್ಮೆ ಎರಡು ದಿನ ವಿಮಾನ ತಪ್ಪುತ್ತದೆ. ಒಂದು ದಿನ ತಡವಾದರೆ ಸಣ್ಣಣ್ಣ 26ರ ಸಂಜೆ ಮನೆಗೆ, ಎರಡು ದಿನ ತಡವಾದರೆ 27ರ ಸಂಜೆಗೆ. 27ಕ್ಕೆ ಕಾರ್ಯಕ್ರಮ ಇಟ್ಟಿದ್ದರೆ ಎರಡನೇ ಸಂದರ್ಭದಲ್ಲಿ ಊಟದ ಎಲೆ ಎತ್ತಿದ ಮೇಲೆ ಅವರು ಬಂದಂತಾಗುತ್ತದೆ. 28 ಆದರೆ ಎರಡು ದಿನ ತಡವಾದರೂ ಸಿಗುತ್ತಾರೆ. ಶಿವಮೊಗ್ಗದ ಚಿಕ್ಕಪ್ಪ ಒಂದು ದಿನ ರಜೆ ಹಾಕುವುದು ಸುಲಭ, ನ್ಯೂಜೆರ್ಸಿಯ ವಿಮಾನವನ್ನು ಬೇಗ ಹಾರಿಸಲು ಆಗುವುದಿಲ್ಲ. ಎಲ್ಲವೂ ಸರಿಯಾಗಿ ನಡೆದರೆ ಮಕ್ಕಳ ನಿದ್ದೆ ಸರಿಹೋಗಲು ಎರಡು ದಿನ ಸಿಕ್ಕಿತು ಅಂತ ತಿಳಿಯಿರಿ. ಹತ್ತೂವರೆ ಗಂಟೆ ಆಚೆಯಿಂದ ಬಂದ ಮಗು ಮೊದಲ ದಿನ ಮಧ್ಯಾಹ್ನದ ಪಂಕ್ತಿಯಲ್ಲಿ ಎಲೆ ಮುಂದೆಯೇ ನಿದ್ದೆ ಹೋಗುತ್ತದೆ.

ಟಿಕೆಟ್ ನೋಡುವಾಗ ದೆಹಲಿಯಲ್ಲಿ ವಿಮಾನ ಬದಲಿಸುವ ದಾರಿಯನ್ನು ಈ ಸಮಯದಲ್ಲಿ ನಾನು ಬೇಡ ಅನ್ನುತ್ತೇನೆ. ಡಿಸೆಂಬರ್ ಕೊನೆ, ಜನವರಿ ಮೊದಲು ಅಲ್ಲಿ ದಟ್ಟ ಮಂಜು. ಬೆಳಗಿನ ವಿಮಾನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಕೊಲ್ಲಿ ದೇಶಗಳ ಮೂಲಕ ಅಥವಾ ಯುರೋಪಿನ ಮೂಲಕ ನೇರ ಬೆಂಗಳೂರಿಗೆ ಇಳಿಯುವುದು ಒಳ್ಳೆಯದು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದು ನಾಲ್ಕು ಸಾವಿರ ಉಳಿಸಿದರೆ, ಮೊದಲನೆಯದು ತಡವಾದಾಗ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ. ವಿಮಾನ ಕಂಪನಿಗಳು ಸುಮಾರು ಹನ್ನೊಂದು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತವೆ. ಡಿಸೆಂಬರಿನ ಈ ವಾರಕ್ಕೆ ಕಾದಷ್ಟೂ ದರ ಇಳಿಯುತ್ತದೆ ಅನ್ನುವುದು ಸುಳ್ಳು ಆಸೆ.

ಟಿಕೆಟ್‌ಗಿಂತ ಮೊದಲು ಸಣ್ಣಣ್ಣನನ್ನು ಒಂದು ಮಾತು ಕೇಳಿ: ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆ ಜನವರಿ ತನಕ ಇದೆಯಾ? ಅವರು ಎಚ್-1ಬಿ ಮೇಲೆ ಇದ್ದು, ಮುದ್ರೆಯ ಅವಧಿ ಮುಗಿದಿದ್ದರೆ, ವಾಪಸ್ ಹೋಗುವ ಮೊದಲು ಇಲ್ಲಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ ಆಗಬೇಕು. 2025ರ ಡಿಸೆಂಬರಿನಲ್ಲಿ ಹೀಗೆ ಸಂದರ್ಶನಕ್ಕೆಂದು ಬಂದ ಎಷ್ಟೋ ಜನರ ದಿನಾಂಕ ಏಕಾಏಕಿ ತಿಂಗಳುಗಟ್ಟಲೆ ಮುಂದೆ ಹೋಯಿತು, ಅವರು ಇಲ್ಲೇ ಉಳಿಯಬೇಕಾಯಿತು. ಒಂಬತ್ತು ದಿನದ ಪ್ರವಾಸದಲ್ಲಿ ಸ್ಟಾಂಪಿಂಗ್ ಮಾಡಿಸಿಕೊಳ್ಳುವ ಯೋಚನೆಯನ್ನೇ ಬಿಡಬೇಕು. ಇದು ಕೇಳಲು ಮುಜುಗರದ ವಿಷಯ, ಅವರೂ ತಾವಾಗಿ ಹೇಳುವುದಿಲ್ಲ. ಏಪ್ರಿಲ್ ಅಂದಾಗ ಆಗಲ್ಲ ಅಂದದ್ದಕ್ಕೆ ಶಾಲೆಯ ಬದಲು ಇದೇ ಕಾರಣ ಇದ್ದರೂ ಇರಬಹುದು. ಗ್ರೂಪಿನಲ್ಲಿ ಕೇಳಬೇಡಿ, ನೀವೊಬ್ಬರೇ ಫೋನ್ ಮಾಡಿ ಕೇಳಿ.

ಬೇರೆ ಯಾವ ಸಮಯವೂ ಇಲ್ಲವೇ ಅಂತ ಅಮ್ಮ ಕೇಳಿಯೇ ಕೇಳುತ್ತಾರೆ. ಜುಲೈಯನ್ನು ನೋಡೋಣ. ವಿಕ್ಟೋರಿಯಾದ ಚಳಿಗಾಲದ ರಜೆ 2026ರಲ್ಲಿ ಜೂನ್ 27ರಿಂದ ಜುಲೈ 12. ನ್ಯೂಜೆರ್ಸಿಗೂ ಆಗ ರಜೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳು ಮುಚ್ಚುವುದು ಜುಲೈ 20ರ ಆಚೆಗೆ. ಅಷ್ಟರಲ್ಲಿ ತಮ್ಮನ ಮಕ್ಕಳು ಶಾಲೆಗೆ ಹೋಗಿ ಒಂದು ವಾರ ಆಗಿರುತ್ತದೆ. ಅಕ್ಕ ಸ್ಕಾಟ್ಲೆಂಡಿನಲ್ಲಿ ಇದ್ದಿದ್ದರೆ ಕಥೆಯೇ ಬೇರೆ, ಅಲ್ಲಿ ಜೂನ್ ಕೊನೆಗೇ ರಜೆ. ಇಂಗ್ಲೆಂಡಿನಲ್ಲೂ ಖಾಸಗಿ ಶಾಲೆಗಳು ಜುಲೈ ಮೊದಲ ಭಾಗದಲ್ಲೇ ಮುಗಿಯುತ್ತವೆ. ಅಕ್ಕನ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ಹೊಂದಿಕೆಯಾದರೂ ಆ ಹೊತ್ತಿಗೆ ಸಾಗರದ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಕ್ಕಳಿಗೂ ಆಗ ಶಾಲೆ.

ಏಪ್ರಿಲ್ ಸ್ವಲ್ಪ ಮೋಸದ ತಿಂಗಳು. ಇಂಗ್ಲೆಂಡಿಗೆ ಈಸ್ಟರ್ ಸುತ್ತ ಎರಡು ವಾರ, ವಿಕ್ಟೋರಿಯಾಕ್ಕೂ ಎರಡು ವಾರ, ನ್ಯೂಜೆರ್ಸಿಗೆ ವಸಂತದ ಒಂದು ವಾರ ರಜೆ ಇರುತ್ತದೆ. ಈಸ್ಟರ್ ಹಬ್ಬದ ತಾರೀಕು ಚಂದ್ರನ ಲೆಕ್ಕದ್ದು, ವರ್ಷಕ್ಕೊಂದು ಕಡೆ ಬರುತ್ತದೆ. 2027ರಲ್ಲಿ ಅದು ಮಾರ್ಚ್ 28. ಆಗ ನಮ್ಮ ಮಕ್ಕಳಿಗೆ ಪರೀಕ್ಷೆಯ ಕಾಲ. 2028ರಲ್ಲಿ ಏಪ್ರಿಲ್ 16. ಆ ಹೊತ್ತಿಗೆ ಕರ್ನಾಟಕದ ಶಾಲೆಗಳಿಗೂ ಬೇಸಿಗೆ ರಜೆ ಬಂದಿರುತ್ತದೆ, ಧನುರ್ಮಾಸದ ಅಡ್ಡಿಯೂ ಇಲ್ಲ. ಎಲ್ಲರೂ ಇರುವಾಗ ಉಪನಯನ ಆಗಬೇಕು ಅನ್ನುವ ಅಮ್ಮನ ಆಸೆಗೆ ನಾನಾದರೆ 2028ರ ಏಪ್ರಿಲನ್ನು ನೋಡುತ್ತೇನೆ, ವಟುವಿನ ವಯಸ್ಸು ಅಲ್ಲಿಯ ತನಕ ಕಾಯಲು ಬಿಟ್ಟರೆ. ಎಲ್ಲ ಶಾಲೆಗಳೂ ರಜೆಯನ್ನು ಈಸ್ಟರ್‌ಗೆ ಕಟ್ಟುವುದಿಲ್ಲ, ಅದಕ್ಕೇ ನಾಲ್ಕೂ ಕ್ಯಾಲೆಂಡರ್ ಪ್ರಕಟವಾಗುವ ತನಕ ಮಂಟಪಕ್ಕೆ ಮುಂಗಡ ಕೊಡಬೇಡಿ. ಅಮೆರಿಕದ ಆ ಒಂದು ವಾರದಲ್ಲಿ ಪ್ರಯಾಣ ಕಳೆದರೆ ಮನೆಯಲ್ಲಿ ಸಿಗುವುದು ನಾಲ್ಕೈದು ದಿನ ಅನ್ನುವುದೂ ನೆನಪಿರಲಿ.

ಈಗ ಗ್ರೂಪಿಗೆ ಬನ್ನಿ. ‘ಯಾರಿಗೆ ಯಾವಾಗ ಆಗುತ್ತೆ?’ ಅನ್ನುವ ಪ್ರಶ್ನೆ ಇನ್ನು ಬೇಡ. ಒಬ್ಬೊಬ್ಬರಿಂದ ಮೂರು ಉತ್ತರ ತರಿಸಿ: ಡಿಸೆಂಬರಿನಲ್ಲಿ ಮಕ್ಕಳ ಶಾಲೆಯ ಕೊನೆಯ ದಿನ ಯಾವುದು, ಜನವರಿಯಲ್ಲಿ ಮೊದಲ ದಿನ ಯಾವುದು, ಬೋರ್ಡ್ ಪರೀಕ್ಷೆಯ ಮಗು ಇದೆಯಾ. ಬಾಯಿಮಾತು ಸಾಲದು, ಶಾಲೆಯ ಕ್ಯಾಲೆಂಡರಿನ ಫೋಟೋ ಹಾಕಲು ಹೇಳಿ. ನೆನಪಿನಿಂದ ಹೇಳಿದ್ದು ಹೆಚ್ಚಾಗಿ ಕಳೆದ ವರ್ಷದ ತಾರೀಕು ಆಗಿರುತ್ತದೆ. ಎಲ್ಲ ಬಂದ ಮೇಲೆ ನಾನು ಮೇಲೆ ಮಾಡಿದ ಹಾಗೆ ಸಣ್ಣಣ್ಣನಿಂದ ಶುರು ಮಾಡಿ ಎಣಿಸಿ. ಆಮೇಲೆ ಹೀಗೆ ಬರೆಯಿರಿ:

‘28 ಸೋಮವಾರ ಅಪ್ಪಯ್ಯನ ಕಾರ್ಯಕ್ರಮ. ಎಲ್ಲರೂ 26ರಿಂದ 31 ಮನೆಯಲ್ಲಿ ಇರಬೇಕು. ಬರೋದು, ಹೋಗೋದು ಅವರವರ ಅನುಕೂಲ. ತೊಂದರೆ ಇದ್ದವರು ಈ ಭಾನುವಾರದೊಳಗೆ ನನಗೆ ಫೋನ್ ಮಾಡಿ. ಮುಂದಿನ ವಾರ ಸಣ್ಣಣ್ಣ ಟಿಕೆಟ್ ತಗೊಳ್ತಾನೆ.’

ಇದನ್ನು ಹಾಕುವ ಮೊದಲು ದೊಡ್ಡತ್ತಿಗೆಗೆ ಓದಿ ಹೇಳಿ. ಅವರು ಬೇಡ ಅಂದರೆ ಊಟ, ವಸತಿ ಎರಡನ್ನೂ ಮಂಟಪಕ್ಕೆ ಹಾಕಿ ಮತ್ತೆ ಕೇಳಿ. ಮೊದಲ ಟಿಕೆಟ್ ಸಣ್ಣಣ್ಣನದೇ ಆಗಲಿ. ಅವರ ಟಿಕೆಟ್ ಆದಮೇಲೆ ಉಳಿದವರು ತಾರೀಕಿನ ಬಗ್ಗೆ ಚರ್ಚೆ ಮಾಡುವುದಿಲ್ಲ, ಸೂಟ್‌ಕೇಸಿನಲ್ಲಿ ಯಾರು ಏನು ತರಬೇಕು ಅಂತ ಶುರು ಮಾಡುತ್ತಾರೆ.